ಉದ್ರಿ ಕೊಡುವ ಮುನ್ನ ಹಳೆಯ ಪೂರೈಕೆದಾರರ ಮಾತು

ಹೊಸ ಗಿರಾಕಿಗೆ ಉದ್ರಿಯಲ್ಲಿ ಮಾಲು ಕಳಿಸುವ ಮುನ್ನ ಸಗಟು ವ್ಯಾಪಾರಿ ಅವನ ಹಾಲಿ ಪೂರೈಕೆದಾರರನ್ನು ವಿಚಾರಿಸುವುದುಂಟು. ‘ಪಾರ್ಟಿ ಹೇಗೆ?’ ಎಂದು ಕೇಳಿದರೆ ‘ಒಳ್ಳೆಯವರೇ’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಎಷ್ಟು ವರ್ಷದ ವ್ಯವಹಾರ, ಒಮ್ಮೆಗೆ ಗರಿಷ್ಠ ಎಷ್ಟು ಬಾಕಿ ಇತ್ತು, ಕೊಟ್ಟ ಗಡುವೆಷ್ಟು, ಹಣ ಬಂದದ್ದು ಎಷ್ಟನೇ ದಿನಕ್ಕೆ, ಕೊನೆಯ ಬಿಲ್ ಯಾವಾಗಿನದು ಎಂದು ಬಿಡಿಬಿಡಿಯಾಗಿ ಕೇಳಬೇಕು.

ಉದಾಹರಣೆಗೆ, ದಾವಣಗೆರೆಯ ಬಟ್ಟೆ ಅಂಗಡಿಯೊಂದು ಬೆಂಗಳೂರಿನ ಚಿಕ್ಕಪೇಟೆಯ ಸಗಟು ವ್ಯಾಪಾರಿಯಿಂದ 4 ಲಕ್ಷ ರೂಪಾಯಿಯ ಮಾಲನ್ನು 45 ದಿನದ ಉದ್ರಿಗೆ ಕೇಳಿದೆ ಎಂದುಕೊಳ್ಳೋಣ. ಮೊದಲ ಪೂರೈಕೆದಾರರ ಪ್ರಕಾರ 30 ದಿನದ ಗಡುವಿಗೆ ಹಣ 35ನೇ ದಿನ ಬರುತ್ತದೆ. ಆದರೆ ಬಾಕಿ ಎಂದೂ ಒಂದೂವರೆ ಲಕ್ಷ ದಾಟಿಲ್ಲ. ಎರಡನೆಯವರಲ್ಲಿ ಹಣ 70ನೇ ದಿನಕ್ಕೆ ಬಂದಿದೆ, ಮೂರು ತಿಂಗಳಿಂದ ಖರೀದಿಯೇ ನಿಂತಿದೆ. ಹಳಬರು ಉದ್ರಿ ನಿಲ್ಲಿಸಿದ್ದಕ್ಕೇ ಹೊಸ ಬಾಗಿಲು ತಟ್ಟುತ್ತಿರಬಹುದೆಂಬ ಅನುಮಾನ ಹುಟ್ಟಬೇಕಾದದ್ದು ಇಲ್ಲೇ.

ಗಿರಾಕಿ ತಾನಾಗಿ ಕೊಡುವ ಹೆಸರುಗಳು ಸಾಮಾನ್ಯವಾಗಿ ಅವನು ಸರಿಯಾಗಿ ಹಣ ಕೊಡುವವರದ್ದೇ, ಕೆಲವೊಮ್ಮೆ ನೆಂಟರದ್ದು. ಆದ್ದರಿಂದ ಅವನ ಇತ್ತೀಚಿನ ಖರೀದಿ ಬಿಲ್ಲುಗಳನ್ನು ತರಿಸಿಕೊಂಡು, ಅದರಲ್ಲಿನ ಬೇರೊಬ್ಬರನ್ನೂ ವಿಚಾರಿಸುವುದು ಲೇಸು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವನ ನೋಂದಣಿ ಸಂಖ್ಯೆ ಹಾಕಿದರೆ ರಿಟರ್ನ್ ಸಲ್ಲಿಸಿದ ದಿನಾಂಕಗಳು ಕಾಣುತ್ತವೆ. ಬ್ಯಾಂಕ್ ಸಾಲವಿದ್ದರೆ ಅವನಿಂದಲೇ ಸಿಬಿಲ್‌ನ ವಾಣಿಜ್ಯ ವರದಿ ಕೇಳಬಹುದು; ಆದರೆ ಪೇಟೆಯ ಕೈಬಾಕಿ ಸಾಮಾನ್ಯವಾಗಿ ಅದರಲ್ಲಿ ಸಿಗದು.

ಇಂಥ ಗಿರಾಕಿಗೆ ಮೊದಲು ಒಂದು ಲಕ್ಷದ ಮಾಲು, 30 ದಿನದ ಗಡುವು ಸಾಕು. ಆ ಹಣ ಕೈಸೇರಿದ ಮೇಲೆಯೇ ಮುಂದಿನ ಲಾಟು ಹೊರಡಬೇಕು.