ಓನರ್‌ಗೆ ಒಂದು ಪತ್ರ: ಬೆಕ್ಕು ಸಾಕಲು ಅನುಮತಿ ಕೋರಿ

ಬೆಂಗಳೂರಿನ ಬಾಡಿಗೆ ಅಗ್ರಿಮೆಂಟುಗಳಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂದು ಒಂದು ಸಾಲಿರುತ್ತದೆ, ಒಳಬಾಡಿಗೆಗೆ ಕೊಡಬಾರದು ಎಂದು ಇನ್ನೊಂದು. ಬೆಕ್ಕಿನ ಬಗ್ಗೆ ಎಷ್ಟೋ ಅಗ್ರಿಮೆಂಟುಗಳು ತುಟಿ ಬಿಚ್ಚುವುದಿಲ್ಲ. ಬರೆದಿಲ್ಲ ಎಂದರೆ ಅಡ್ಡಿಯಿಲ್ಲ ಎಂದು ಬಾಡಿಗೆದಾರರು ತಿಳಿಯುತ್ತಾರೆ. ಕೇಳಿಲ್ಲ ಎಂದರೆ ತರುವ ಹಾಗಿಲ್ಲ ಎಂದು ಓನರು ತಿಳಿಯುತ್ತಾರೆ. ಒಂದು ದಿನ ಮಹಡಿಯ ಕಿಟಕಿಯಿಂದ ಮಿಯಾಂವ್ ಕೇಳಿಸಿದಾಗ ಇಬ್ಬರಿಗೂ ಮೋಸಹೋದ ಭಾವ.

ಕಾನೂನನ್ನು ಮುಂದಿಟ್ಟು ವಾದಿಸಲು ಹೊರಟವರಿಗೆ ಇಲ್ಲಿ ಹೆಚ್ಚಿನ ಬಲವಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಸಾಕುಪ್ರಾಣಿ ಪ್ರಿಯರು ಆಗಾಗ ಉಲ್ಲೇಖಿಸುತ್ತಾರೆ. ಅದು ಅಪಾರ್ಟ್‌ಮೆಂಟ್ ಸಂಘಗಳನ್ನು ಉದ್ದೇಶಿಸಿದ್ದು. ಬಹುಮತದ ನಿರ್ಣಯವಿದ್ದರೂ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎನ್ನುತ್ತದೆ. ಆದರೆ ಮನೆಯ ಒಡೆಯರು ತಮ್ಮ ಮನೆಯನ್ನು ಯಾವ ಷರತ್ತಿಗೆ ಬಾಡಿಗೆಗೆ ಕೊಡುತ್ತಾರೆ ಎಂಬುದು ಇಬ್ಬರ ನಡುವಿನ ಕರಾರು. ಅದೂ 11 ತಿಂಗಳ ಕರಾರು, ಏಕೆಂದರೆ ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಬೆಕ್ಕು ಬೇಡವೆನ್ನುವ ಓನರು ಜಗಳವಾಡಬೇಕಾಗಿಯೂ ಇಲ್ಲ, ಮುಂದಿನ ಸಲ ಅಗ್ರಿಮೆಂಟ್ ಮುಂದುವರಿಸದಿದ್ದರೆ ಆಯಿತು.

ಇಂಗ್ಲೆಂಡಿನಲ್ಲಿ ಮನೆ ಹಿಡಿದಿರುವ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿ 2025ರಲ್ಲಿ ಬಂದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಇಂಥ ಪತ್ರಕ್ಕೆ ಸ್ಥಾನಮಾನ ಕೊಟ್ಟಿದೆ. ಬಾಡಿಗೆದಾರರು ಲಿಖಿತವಾಗಿ ಕೇಳಿದರೆ ಮಾಲೀಕರು ಸಾಮಾನ್ಯವಾಗಿ 28 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು, ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ನಮ್ಮಲ್ಲಿ ಪತ್ರದ ಹಿಂದೆ ಅಂಥ ಕಾಯ್ದೆಯಿಲ್ಲ. ಓನರ ಮನಸ್ಸು ಒಲಿಯುವುದಾದರೆ ಅದರಲ್ಲಿ ಬರೆದ ಮಾತಿನಿಂದಲೇ ಒಲಿಯಬೇಕು.

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಮನೆಯನ್ನು ಇಟ್ಟುಕೊಂಡೇ ಪತ್ರ ಕಟ್ಟಿ ನೋಡೋಣ. ಕೆಳಗೆ ನಿವೃತ್ತ ದಂಪತಿ, ಮನೆಯ ಒಡೆಯರು, ಸಸ್ಯಾಹಾರಿಗಳು. ಮೇಲೆ ಎರಡು ಕೋಣೆಯ ಮನೆಯಲ್ಲಿ ಕೆಲಸಕ್ಕೆ ಹೋಗುವ ಗಂಡ ಹೆಂಡತಿ. ಎದುರು ಸಿಕ್ಕಾಗ ಅಂಕಲ್, ಆಂಟಿ ಎನ್ನುವಷ್ಟು ಸಲಿಗೆಯಿದೆ. ಆದರೂ ಬಾಯಿಮಾತಿನಲ್ಲಿ ಮುಗಿಸದೆ ಬರೆದು ಕೊಡುವುದೇ ಮೇಲು. ಬಾಗಿಲಲ್ಲಿ ನಿಂತು ಕೇಳಿದರೆ ತಕ್ಷಣಕ್ಕೆ ಬರುವ ಉತ್ತರ ‘ಬೇಡಮ್ಮ’ ಎಂದೇ. ಕಾಗದವಾದರೆ ಗಂಡ ಹೆಂಡತಿ ಇಬ್ಬರೂ ಕೂತು ಓದುತ್ತಾರೆ, ಬೇರೆ ಊರಿನಲ್ಲಿರುವ ಮಗನನ್ನೂ ಕೇಳುತ್ತಾರೆ.

“ಮಾನ್ಯರೇ, ವಿಷಯ: ಮಹಡಿ ಮನೆಯಲ್ಲಿ ಒಂದು ಬೆಕ್ಕು ಸಾಕಲು ಅನುಮತಿ ಕೋರಿ. ನಾವು ಸಾಕಬೇಕೆಂದಿರುವುದು ಎರಡು ವರ್ಷದ ಒಂದು ಹೆಣ್ಣು ಬೆಕ್ಕು. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ರೇಬೀಸ್ ಲಸಿಕೆಯ ಕಾರ್ಡಿನ ಪ್ರತಿಯನ್ನು ಲಗತ್ತಿಸಿದ್ದೇವೆ. ಇದೊಂದರ ಹೊರತು ಬೇರೆ ಪ್ರಾಣಿಯನ್ನು ತರುವುದಿಲ್ಲ. ಬೆಕ್ಕು ಮನೆಯೊಳಗೇ ಇರುತ್ತದೆ. ಮೆಟ್ಟಿಲು, ಟೆರೇಸು, ತಮ್ಮ ಅಂಗಳಕ್ಕೆ ಬಿಡುವುದಿಲ್ಲ.”

ಬೆಕ್ಕು ಎಷ್ಟು ಮುದ್ದಾಗಿದೆ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಮುದ್ದು ಬಾಡಿಗೆದಾರರ ಪಾಲಿನ ಲಾಭ, ಓನರ ಲೆಕ್ಕಕ್ಕೆ ಬಾರದ್ದು. ಅವರಿಗಿರುವುದು ಭಯಗಳು, ಅವುಗಳಲ್ಲಿ ಮೊದಲನೆಯದು ವಾಸನೆ. ಪತ್ರದಲ್ಲಿ ಶಸ್ತ್ರಚಿಕಿತ್ಸೆಯ ವಿಷಯ ಅಷ್ಟು ಮೇಲೆ ಬಂದದ್ದು ಅದಕ್ಕಾಗಿಯೇ. ಬೆಕ್ಕು ತನ್ನ ಗಡಿ ಗುರುತಿಸಲು ಬಾಲ ಎತ್ತಿ ಗೋಡೆಗೆ ಉಚ್ಚೆ ಚಿಮುಕಿಸುತ್ತದೆ. ಈ ಚಾಳಿ ಹೆಚ್ಚಾಗಿ ಶಸ್ತ್ರಚಿಕಿತ್ಸೆಯಾಗದ ಗಂಡು ಬೆಕ್ಕಿನದು, ಆರು ತಿಂಗಳ ವಯಸ್ಸಿನ ಆಸುಪಾಸಿನಲ್ಲಿ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿದ ಗಂಡುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಇದನ್ನು ಬಿಡುತ್ತವೆ. ಹೆಣ್ಣಿನ ವಿಷಯದಲ್ಲಿ ಇನ್ನೊಂದು ಲಾಭವಿದೆ. ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲ ಪ್ರಾಣಿ ಇದು, ಒಂದು ಹೋಗಿ ಐದಾಗುವ ಓನರ ಭಯಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ಮರಿ ಸಾಕಬೇಕೆಂದಿದ್ದರೆ, ಐದಾರು ತಿಂಗಳಾಗುವಷ್ಟರಲ್ಲಿ ಮಾಡಿಸುತ್ತೇವೆ ಎಂದು ತಿಂಗಳ ಹೆಸರು ಹಾಕಿಯೇ ಬರೆಯಬೇಕು.

ಇನ್ನು ಮಲಮೂತ್ರದ ಡಬ್ಬಿ. ಇದರಲ್ಲಿ ಹಾಕುವ ಲಿಟರ್ ಸಾಮಾನ್ಯವಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣು. ತೇವ ತಗುಲಿದಲ್ಲಿ ಉಬ್ಬಿ ಗಟ್ಟಿ ಉಂಡೆಯಾಗುತ್ತದೆ. ದಿನಕ್ಕೆ ಒಂದೆರಡು ಸಲ ಆ ಉಂಡೆಗಳನ್ನು ಬಾಚಿ ತೆಗೆದರೆ ವಾಸನೆ ನಿಲ್ಲುವುದಿಲ್ಲ. ಬಾಚಿದ್ದನ್ನು ಕಮೋಡಿಗೆ ಸುರಿಯುವವರಿದ್ದಾರೆ. ಉಬ್ಬುವ ಗುಣವೇ ಅಲ್ಲಿ ಮುಳುವಾಗುತ್ತದೆ, ಮಹಡಿಯ ಪೈಪು ಕಟ್ಟಿಕೊಂಡರೆ ನೀರು ಉಕ್ಕುವುದು ಕೆಳಗಿನವರ ಬಚ್ಚಲಿನಲ್ಲೂ ಇರಬಹುದು. “ಲಿಟರನ್ನು ಕಮೋಡಿಗೆ ಹಾಕುವುದಿಲ್ಲ, ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡುತ್ತೇವೆ” ಎಂಬ ಒಂದು ವಾಕ್ಯ ಬರೆದವರಿಗೆ ಬೆಕ್ಕಿನ ಬಗ್ಗೆಯೂ ಗೊತ್ತು, ಮನೆಯ ಬಗ್ಗೆಯೂ ಗೊತ್ತು ಎಂದು ಓನರಿಗೆ ಅರ್ಥವಾಗುತ್ತದೆ.

ದಿನಾ ಫಿನಾಯಿಲ್ ಹಾಕಿ ಒರೆಸಿ ಎಂದು ಕೆಳಗಿನಿಂದ ಸಲಹೆ ಬರುವುದು ಖಂಡಿತ. ಒಪ್ಪಿಕೊಳ್ಳಬಾರದ ಮಾತು ಇದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದು ಹೊಟ್ಟೆ ಸೇರುತ್ತದೆ. ಅಮೋನಿಯಾ ಇರುವ ಕ್ಲೀನರುಗಳದ್ದು ಇನ್ನೊಂದು ತೊಂದರೆ: ಉಚ್ಚೆಯನ್ನೇ ಹೋಲುವ ಆ ವಾಸನೆ ಬೆಕ್ಕನ್ನು ಮತ್ತೆ ಅದೇ ಜಾಗಕ್ಕೆ ಕರೆಯಬಹುದು. ಡಬ್ಬಿಯ ಹೊರಗೆ ಗಲೀಜಾದರೆ ಎನ್‌ಜೈಮ್ ಇರುವ ಕ್ಲೀನರ್ ಬಳಸುತ್ತೇವೆ ಎಂದು ಕಾರಣ ಸಮೇತ ತಿಳಿಸಿದರೆ ಸಾಕು. ಹೊರಗೆ ಆಗುವುದೇ ಇಲ್ಲ ಎಂದು ಮಾತ್ರ ಬರೆಯಬಾರದು. ಮೂತ್ರಕೋಶ ಉರಿಯೂತವಾದ ಬೆಕ್ಕು ಡಬ್ಬಿಯನ್ನು ಬಿಟ್ಟು ಬೇರೆಡೆ ಹೋಗುತ್ತದೆ, ಆಗ ಬೇಕಾದದ್ದು ಪಶುವೈದ್ಯರು.

ಸಸ್ಯಾಹಾರಿ ಓನರ ಮನೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಊಟದ ಪ್ರಶ್ನೆ. ಹಾಲು ಅನ್ನ ಹಾಕಿ ಸಾಕುತ್ತೇವೆ ಅಂಕಲ್ ಎಂದುಬಿಡುವ ಆಸೆ ಎಂಥವರಿಗೂ ಆಗುತ್ತದೆ. ಅದು ಸುಳ್ಳು ಭರವಸೆ, ಪಾಲಿಸಿದರಂತೂ ಬೆಕ್ಕಿಗೆ ಕೇಡು. ಟಾರಿನ್ ಎಂಬ ಅಮೈನೊ ಆಮ್ಲವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸಾಹಾರದಿಂದಲೇ ಬರಬೇಕು. ಟಾರಿನ್ ಕೊರತೆಯಾದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟ ಮೇಲೆ ಬೆಕ್ಕಿನ ಸಿದ್ಧ ಆಹಾರದಲ್ಲಿ ಅದರ ಪ್ರಮಾಣವನ್ನೇ ಹೆಚ್ಚಿಸಲಾಯಿತು. ಹಾಲೂ ಬೆಳೆದ ಎಷ್ಟೋ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹಾಗಾಗಿ ಪತ್ರದಲ್ಲಿ ಇರುವುದನ್ನೇ ಹೇಳಬೇಕು: “ಬೆಕ್ಕಿಗೆ ಪ್ಯಾಕೆಟ್ಟಿನಲ್ಲಿ ಬರುವ ಒಣ ಆಹಾರ ಹಾಕುತ್ತೇವೆ. ಅದರಲ್ಲಿ ಮಾಂಸ, ಮೀನಿನ ಅಂಶವಿರುತ್ತದೆ. ಮನೆಯಲ್ಲಿ ಅದಕ್ಕಾಗಿ ಮೀನು, ಮಾಂಸ ಬೇಯಿಸುವುದಿಲ್ಲ.” ಕೆಲವು ಓನರು ಇಷ್ಟಕ್ಕೇ ಬೇಡ ಎನ್ನಬಹುದು. ಆರು ತಿಂಗಳ ಮೇಲೆ ಕಸದ ಬುಟ್ಟಿಯಲ್ಲಿ ಪ್ಯಾಕೆಟ್ ಕಂಡು ಬೇಡ ಎನ್ನುವುದಕ್ಕಿಂತ ಈಗಲೇ ಅಂದುಬಿಡುವುದು ಇಬ್ಬರಿಗೂ ಒಳಿತು.

ಬಾಗಿಲು ಪರಚುವ ವಿಷಯದಲ್ಲೂ ಇದೇ ಪ್ರಾಮಾಣಿಕತೆ ಬೇಕು. ಬೆಕ್ಕು ಪರಚುವುದು ತುಂಟತನಕ್ಕಲ್ಲ. ಉಗುರಿನ ಹಳೆಯ ಹೊರಕವಚ ಕಳಚಲು, ಮೈ ಮುರಿಯಲು, ಗುರುತು ಬಿಡಲು ಅದು ಪರಚಲೇಬೇಕು. ಎಲ್ಲಿ ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು. ಹಗ್ಗ ಸುತ್ತಿದ, ಅಲುಗಾಡದ, ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚುವಷ್ಟು, ಎಂದರೆ ಎರಡೂವರೆ ಮೂರು ಅಡಿ ಎತ್ತರದ ಕಂಬ ಬೇಕು. ಅದನ್ನು ಮೂಲೆಯಲ್ಲಿ ಬಚ್ಚಿಡದೆ, ಬೆಕ್ಕು ಕಣ್ಣಿಟ್ಟ ಬಾಗಿಲ ಪಕ್ಕದಲ್ಲೇ ನಿಲ್ಲಿಸಬೇಕು. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿದರೆ ಗೀರು ಬಿದ್ದರೂ ಆಳವಾಗುವುದಿಲ್ಲ. ಪತ್ರದ ಜೊತೆಗೆ ಬಾಗಿಲು, ಚೌಕಟ್ಟು, ಸೊಳ್ಳೆಪರದೆಯ ಜಾಲರಿಗಳ ಈಗಿನ ಫೋಟೊಗಳನ್ನು ದಿನಾಂಕ ಸಮೇತ ಕೊಟ್ಟರೆ ಮುಂದೆ ಯಾವ ಗೀರು ಹಳೆಯದು, ಯಾವುದು ಹೊಸದು ಎಂಬ ತಕರಾರು ಏಳುವುದಿಲ್ಲ.

ದುಡ್ಡಿನ ಮಾತನ್ನೂ ಮುಚ್ಚುಮರೆಯಿಲ್ಲದೆ ಬರೆಯುವುದೇ ಸರಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ರೂಢಿಯಿದೆ. “ಅದಲ್ಲದೆ ಬೆಕ್ಕಿನಿಂದ ಬಾಗಿಲು, ಜಾಲರಿಗೆ ಹಾನಿಯಾಗಿದ್ದರೆ ರಿಪೇರಿಯ ಬಿಲ್ಲಿನಷ್ಟನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು” ಎಂದರೆ ಸಾಕು. ಬಿಲ್ಲು ಎಂಬ ಪದ ಇರಲಿ. ಅದಿಲ್ಲದಿದ್ದರೆ ಮೊತ್ತ ಬಾಯಿಗೆ ಬಂದಷ್ಟಾಗುತ್ತದೆ.

ಓನರಿಗೆ ಹೊಳೆಯದ ಒಂದು ತೊಂದರೆಯನ್ನು ಬಾಡಿಗೆದಾರರೇ ಎತ್ತಬೇಕಾಗುತ್ತದೆ. ಬೆಕ್ಕಿನ ಅಲರ್ಜಿ ಕೂದಲಿನಿಂದ ಬರುತ್ತದೆ ಎಂಬುದು ಜನಜನಿತ. ನಿಜವಾದ ಮುಖ್ಯ ಕಾರಣ ಅದರ ಎಂಜಲು ಮತ್ತು ಚರ್ಮದ ಗ್ರಂಥಿಗಳಲ್ಲಿರುವ ಒಂದು ಪ್ರೋಟೀನು. ಅದು ಅತಿ ಸಣ್ಣ ಕಣಗಳಾಗಿ ಗಾಳಿಯಲ್ಲಿ ತೇಲುತ್ತದೆ, ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಪರದೆ, ಹಾಸಿಗೆಗಳಲ್ಲಿ ಉಳಿಯುತ್ತದೆ. ಮುಂದೆ ಬರುವ ಬಾಡಿಗೆದಾರರಿಗೆ ಅಲರ್ಜಿ ಇರಬಹುದು. ಕೆಳಗಿನ ಮನೆಯಲ್ಲೇ ಯಾರಿಗಾದರೂ ಉಬ್ಬಸವಿದ್ದರೆ ಈಗಲೇ ತಿಳಿಸಿ ಎಂದು ಕೇಳುವುದು, ಮನೆ ಬಿಡುವಾಗ ಓನರ ಪರದೆಗಳನ್ನು ಒಗೆಸಿ ಗೋಡೆ, ಕಿಟಕಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಡುತ್ತೇವೆ ಎನ್ನುವುದು ಮಾಡಬಹುದಾದ ಮಾತು. ಕುರುಹೇ ಇಲ್ಲದಂತೆ ಮಾಡುತ್ತೇವೆ ಎಂಬುದು ಆಗದ ಮಾತು.

ಹಬ್ಬಕ್ಕೆ ಊರಿಗೆ ಹೋದಾಗ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಬರೆದಿಡಬೇಕು, ಆ ಹೊಣೆ ಮೆಲ್ಲಗೆ ಆಂಟಿಯ ಹೆಗಲೇರಬಾರದು. ಮನೆ ಖಾಲಿ ಮಾಡುವಾಗ ಬೆಕ್ಕನ್ನು ಜೊತೆಗೆ ಕರೆದೊಯ್ಯುತ್ತೇವೆ ಎಂಬ ಸಾಲೂ ಇರಲಿ. ಸಾಕುಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ನಿಗದಿ ಮಾಡಿದ ದಂಡ 10ರಿಂದ 50 ರೂಪಾಯಿ. ಈ ದಂಡಕ್ಕೆ ಹೆದರಿ ಯಾರೂ ಬೆಕ್ಕನ್ನು ಕರೆದೊಯ್ಯಲಾರರು. ಅಡ್ವಾನ್ಸ್ ಕೈಯಲ್ಲಿರುವ ಓನರಿಗೆ ಬರೆದುಕೊಟ್ಟ ಸಾಲಿನ ಹಿಡಿತವೇ ಹೆಚ್ಚು.

ಒಪ್ಪಿಗೆ ಸಿಕ್ಕಿದರೆ ಪತ್ರದ ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ. ವಾಟ್ಸ್ಯಾಪಿನಲ್ಲಿ ಬಂದ ‘ಆಯ್ತು’ ಇಲ್ಲದಿರುವುದಕ್ಕಿಂತ ವಾಸಿ, ಆದರೆ 11 ತಿಂಗಳ ನಂತರದ ಹೊಸ ಅಗ್ರಿಮೆಂಟಿನಲ್ಲಿ ಬೆಕ್ಕಿನ ಷರತ್ತುಗಳನ್ನು ಸೇರಿಸಿಕೊಳ್ಳಿ. ಉತ್ತರಕ್ಕೆ ಎರಡು ವಾರ ಬಿಡಿ, ಪೂರ್ತಿ ಒಪ್ಪದಿದ್ದರೆ ಮೂರು ತಿಂಗಳ ಪ್ರಯೋಗಕ್ಕೆ ಕೇಳಿ. ಸಹಿ ಬೀಳುವ ತನಕ ಮಾತ್ರ ಬೆಕ್ಕನ್ನು ಮನೆಗೆ ತರಬೇಡಿ.