ಮಳೆಗಾಲದ ಉಣ್ಣಿ ಜ್ವರ: ಗೋಪಾಲಕ ಬಂಧುಗಳಲ್ಲಿ ಒಂದು ಅರಿಕೆ

ಮೃಗಶಿರ ಮಳೆ ಬಿದ್ದು ನೆಲ ತಂಪಾದ ಕೆಲವೇ ದಿನಗಳಲ್ಲಿ ನಮ್ಮ ಗ್ರಾಮದ ಪಶು ಚಿಕಿತ್ಸಾಲಯಕ್ಕೆ ಜ್ವರ ಬಂದ ಹಸುಗಳು ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಎಚ್.ಎಫ್. ಅಥವಾ ಜರ್ಸಿ ಮಿಶ್ರತಳಿಯ ಹಾಲು ಕೊಡುವ ಹಸುಗಳು. "ಮೂರು ದಿನದ ಜ್ವರ ಇರಬಹುದು, ತಾನಾಗಿಯೇ ಬಿಡುತ್ತದೆ ಎಂದು ಕಾದೆವು" ಎಂಬ ಮಾತನ್ನು ನಾವು ಪ್ರತಿ ಮಳೆಗಾಲದಲ್ಲಿಯೂ ಕೇಳುತ್ತೇವೆ. ಮೂರು ದಿನದ ಜ್ವರವೂ ಇದೇ ಕಾಲದಲ್ಲಿ ಬರುವುದರಿಂದ ಹೀಗೆ ಭಾವಿಸುವುದು ಸಹಜವೇ ಆಗಿದೆ. ಆದರೆ ಉಣ್ಣಿಯಿಂದ ಹರಡುವ ಥೈಲೇರಿಯಾ ಜ್ವರದಲ್ಲಿ ಹೀಗೆ ಕಾಯುವ ಮೂರು ದಿನಗಳೇ ಹಸುವಿನ ಅಳಿವು ಉಳಿವುಗಳನ್ನು ನಿರ್ಧರಿಸುತ್ತವೆ. ಈ ಎರಡು ಜ್ವರಗಳನ್ನು ಮನೆಯಲ್ಲಿಯೇ ಬೇರ್ಪಡಿಸಿ ಗುರುತಿಸುವ ಬಗೆಯನ್ನೂ ಉಣ್ಣಿಯನ್ನು ಕೊಟ್ಟಿಗೆಯಿಂದ ದೂರವಿಡುವ ಕ್ರಮವನ್ನೂ ಇಲ್ಲಿ ತಿಳಿಸಬಯಸುತ್ತೇವೆ.

ರೋಗ ಬರುವ ದಾರಿ

ಕೆಲವೆಡೆ ಉಣುಗು ಎಂದೂ ಕರೆಯುವ ಉಣ್ಣಿಗಳಲ್ಲಿ ಹಲವು ಜಾತಿಗಳಿವೆ. ಥೈಲೇರಿಯಾ ರೋಗಾಣುವನ್ನು ಹೊತ್ತು ತರುವುದು ಹಯಲೋಮಾ ಎಂಬ ಜಾತಿ. ಇದರ ಕಾಲುಗಳ ಮೇಲೆ ತಿಳಿಬಣ್ಣದ ಪಟ್ಟಿಗಳಿರುತ್ತವೆ. ಮರಿ ಉಣ್ಣಿಯು ರೋಗಾಣುವುಳ್ಳ ದನದ ರಕ್ತವನ್ನು ಹೀರಿ, ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲಿ ಪೊರೆ ಕಳಚಿ ದೊಡ್ಡದಾಗುತ್ತದೆ. ಬಳಿಕ ಮತ್ತೊಂದು ದನಕ್ಕೆ ಹತ್ತಿದಾಗ ರೋಗಾಣು ಅದಕ್ಕೆ ದಾಟುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳ್ಳಿಕಾರ್, ಖಿಲಾರಿ, ದೇವಣಿ ಮೊದಲಾದ ನಾಡತಳಿಗಳು ಈ ರೋಗವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೂ ಅವುಗಳ ರಕ್ತದಲ್ಲಿ ರೋಗಾಣು ಸದ್ದಿಲ್ಲದೆ ಉಳಿದಿರಬಹುದು. ಒಮ್ಮೆ ರೋಗದಿಂದ ಚೇತರಿಸಿಕೊಂಡ ಹಸುವಿನ ಸ್ಥಿತಿಯೂ ಹಾಗೆಯೇ. ಆದುದರಿಂದ ಗಟ್ಟಿಮುಟ್ಟಾದ ಎತ್ತು ಮತ್ತು ಮಿಶ್ರತಳಿ ಹಸು ಒಂದೇ ಕೊಟ್ಟಿಗೆಯಲ್ಲಿದ್ದರೆ, ಎತ್ತಿನ ಮೈಮೇಲಿನ ಉಣ್ಣಿಯೇ ನಾಳೆ ಹಸುವಿಗೆ ರೋಗ ತರಬಹುದು. "ಎತ್ತಿಗೆ ಏನೂ ಆಗಿಲ್ಲ" ಎಂದು ಅದರ ಉಣ್ಣಿಯನ್ನು ಕಡೆಗಣಿಸುವಂತಿಲ್ಲ.

ಎರಡು ಜ್ವರಗಳ ವ್ಯತ್ಯಾಸ

ಮೂರು ದಿನದ ಜ್ವರವು ಥಟ್ಟನೆ ಬರುತ್ತದೆ. ದನ ನಡುಗುತ್ತದೆ, ಮೈ ಬಿಗಿಯುತ್ತದೆ. ಕುಂಟುವುದು ಅದರ ಮುಖ್ಯ ಗುರುತು. ಇಂದು ಒಂದು ಕಾಲು, ನಾಳೆ ಮತ್ತೊಂದು. ಸಾಮಾನ್ಯವಾಗಿ ಮೂರು ದಿನಗಳಲ್ಲಿ ದನ ಎದ್ದು ಮೇವಿಗೆ ಬಾಯಿ ಹಾಕುತ್ತದೆ.

ಥೈಲೇರಿಯಾ ಜ್ವರದಲ್ಲಿ ಕುಂಟುವಿಕೆ ಇರುವುದಿಲ್ಲ. ಹಸು ನಿಂತೇ ಇರುತ್ತದೆ, ಮೆಲುಕು ಕಡಿಮೆಯಾಗುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ಜ್ವರ ಇಳಿಸುವ ಸೂಜಿ ಹಾಕಿಸಿದರೆ ಕೆಲವು ಗಂಟೆ ತಗ್ಗಿ ಮತ್ತೆ ಏರುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾದ ಗುರುತು ಭುಜದ ಮುಂದಿನ ಗಂಟು. ಕುತ್ತಿಗೆಯು ಭುಜವನ್ನು ಸೇರುವ ತಗ್ಗಿನಲ್ಲಿ ಅಂಗೈಯನ್ನು ಒತ್ತಿ ಹಿಂದೆ ಮುಂದೆ ಸರಿಸಬೇಕು. ಆರೋಗ್ಯವಂತ ಹಸುವಿನಲ್ಲಿ ಅಲ್ಲಿನ ಗ್ರಂಥಿಯು ತೆಳ್ಳಗೆ ಬೆರಳಿನಡಿ ಜಾರುತ್ತದೆ. ಈ ರೋಗದಲ್ಲಿ ಅದು ಊದಿ ನಿಂಬೆಹಣ್ಣಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡದಾಗಿ ಕೈಗೆ ಸಿಗುತ್ತದೆ. ಎರಡೂ ಬದಿಗಳನ್ನು ಮುಟ್ಟಿ ಹೋಲಿಸಬೇಕು. ಹಸು ಚೆನ್ನಾಗಿರುವಾಗಲೇ ಒಮ್ಮೆ ಮುಟ್ಟಿ ನೋಡಿಕೊಂಡಿದ್ದರೆ ವ್ಯತ್ಯಾಸವು ಬೇಗನೆ ತಿಳಿಯುತ್ತದೆ.

ಎರಡನೆಯ ಸಾಧನ ಥರ್ಮಾಮೀಟರ್. ಅದರ ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿಟ್ಟು, ಒಳಗೋಡೆಗೆ ತಾಗುವಂತೆ ಓರೆಯಾಗಿ ಹಿಡಿಯಬೇಕು. ಸಗಣಿಯೊಳಗೆ ಚುಚ್ಚಿದರೆ ಅಳತೆ ತಪ್ಪುತ್ತದೆ. ಹಸುವಿನ ಸಹಜ ತಾಪಮಾನ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಥೈಲೇರಿಯಾದಲ್ಲಿ ಅದು 104ರಿಂದ 107ರವರೆಗೆ ಏರಬಹುದು. 104 ದಾಟಿದ್ದು, ಕುಂಟುವಿಕೆ ಇಲ್ಲದೆ, ಭುಜದ ಗಂಟು ಊದಿದ್ದರೆ ಅಂದೇ ವೈದ್ಯರನ್ನು ಕರೆಸಬೇಕು.

ಒಂದೇ ಕೊಟ್ಟಿಗೆಯ ಎರಡು ಜೀವಗಳು

ನಾವು ಚಿಕಿತ್ಸೆ ನೀಡಿದ ಒಂದು ಮನೆಯ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾದೀತು. ಮೂರನೆಯ ಸೂಲಿನ, ಸುಮಾರು 400 ಕಿಲೋ ತೂಕದ ಎಚ್.ಎಫ್. ಮಿಶ್ರತಳಿ ಹಸು, ಕರು ಹಾಕಿ ನಲವತ್ತು ದಿನಗಳಾಗಿದ್ದವು. ಹೊತ್ತಿಗೆ ಆರು ಲೀಟರ್ ಕೊಡುತ್ತಿದ್ದ ಹಸು ಒಂದು ಸಂಜೆ ಮೂರು ಲೀಟರಿಗೆ ಇಳಿಯಿತು. ಮನೆಯವರು ಮೂರು ದಿನದ ಜ್ವರವೆಂದು ತಿಳಿದು ಜ್ವರದ ಸೂಜಿ ಹಾಕಿಸಿದರು. ಮರುದಿನ ಹಸು ಸ್ವಲ್ಪ ಮೇವು ತಿಂದಿತು, ಮನೆಯವರಿಗೆ ಸಮಾಧಾನವಾಯಿತು. ಮೂರನೆಯ ದಿನ ಜ್ವರ ಮರಳಿತು. ನಮಗೆ ಕರೆ ಬಂದದ್ದು ಐದನೆಯ ದಿನ.

ಆಗ ತಾಪಮಾನ 106 ಡಿಗ್ರಿ ಇತ್ತು. ಎರಡೂ ಭುಜಗಳ ಗಂಟುಗಳು ಊದಿದ್ದವು. ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿದಾಗ ಒಳಭಾಗ ಬಿಳಿಚಿಕೊಂಡಿದ್ದು, ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಂಡವು. ಸಗಣಿ ಗಟ್ಟಿಯಾಗಿತ್ತು, ಅದರ ಮೇಲೆ ಲೋಳೆ ಇತ್ತು. ಕಿವಿಯ ತುದಿಯ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಬಣ್ಣ ಹಾಕಿ ನೋಡಿದಾಗ ಕೆಂಪು ರಕ್ತಕಣಗಳೊಳಗೆ ಥೈಲೇರಿಯಾ ಕಾಣಿಸಿತು. ಈ ರೋಗಾಣು ಮೊದಲು ಗ್ರಂಥಿಗಳಲ್ಲಿರುವ ಬಿಳಿ ರಕ್ತಕಣಗಳಲ್ಲಿ ಬೆಳೆಯುತ್ತದೆ. ಗಂಟು ಊದುವುದು ಆಗ. ಆಮೇಲೆ ಕೆಂಪು ಕಣಗಳಿಗೆ ನುಗ್ಗುತ್ತದೆ. ರಕ್ತಹೀನತೆ ಬರುವುದು ಆಗ. ಈ ಹಸು ಎರಡನೆಯ ಹಂತವನ್ನು ತಲುಪಿತ್ತು.

ಈ ರೋಗಕ್ಕೆ ನಿರ್ದಿಷ್ಟ ಔಷಧಿ ಬುಪಾರ್ವಕ್ವೋನ್. ದೇಹದ ತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ, ಅಂದರೆ ಶೇ. 5ರ ದ್ರಾವಣದಲ್ಲಿ ಪ್ರತಿ 20 ಕಿಲೋಗೆ 1 ಮಿ.ಲೀ. 400 ಕಿಲೋ ಹಸುವಿಗೆ 20 ಮಿ.ಲೀ. ಆಯಿತು, ಅದನ್ನು ಕುತ್ತಿಗೆಯ ಸ್ನಾಯುವಿನ ಎರಡು ಕಡೆ ಹಂಚಿ ಕೊಟ್ಟೆವು. ಜೊತೆಗೆ ರಕ್ತವೃದ್ಧಿಯ ಔಷಧಿಗಳನ್ನೂ ನೀಡಿದೆವು. ಎರಡು ದಿನಗಳ ಬಳಿಕವೂ ಜ್ವರ 104ರ ಹತ್ತಿರವೇ ನಿಂತಿದ್ದರಿಂದ ಮತ್ತೊಮ್ಮೆ ಅಷ್ಟೇ ಪ್ರಮಾಣವನ್ನು ಕೊಡಬೇಕಾಯಿತು. ಒಂಬತ್ತನೆಯ ದಿನ ಜ್ವರ ಬಿಟ್ಟಿತು. ಹಸು ಉಳಿಯಿತು, ಆದರೆ ಆ ಸೂಲಿನಲ್ಲಿ ಹೊತ್ತಿಗೆ ನಾಲ್ಕು ಲೀಟರಿಗಿಂತ ಮೇಲೇರಲಿಲ್ಲ. ಔಷಧಿಯು ರೋಗಾಣುವನ್ನು ಕೊಲ್ಲಬಲ್ಲದು, ಆದರೆ ಕಳೆದುಹೋದ ರಕ್ತವನ್ನು ತಂದುಕೊಡಲಾರದು. ತಡವಾದಷ್ಟೂ ಅದರ ಫಲ ಕುಗ್ಗುತ್ತದೆ.

ಅದೇ ಕೊಟ್ಟಿಗೆಯಲ್ಲಿ ಒಂದು ಮಿಶ್ರತಳಿ ಕಡಸು ಇತ್ತು. ಅದರ ತಾಪಮಾನವನ್ನು ದಿನವೂ ಬೆಳಿಗ್ಗೆ ನೋಡಿ ಗೋಡೆಯ ಮೇಲೆ ಬರೆದಿಡಲು ತಿಳಿಸಿದ್ದೆವು. ಉಣ್ಣಿ ಹತ್ತಿದ ಒಂದರಿಂದ ಮೂರು ವಾರಗಳೊಳಗೆ ಜ್ವರ ಕಾಣಿಸಿಕೊಳ್ಳುವುದರಿಂದ ಈ ಎಚ್ಚರಿಕೆ ಅಗತ್ಯವಾಗಿತ್ತು. ಎಂಟನೆಯ ಬೆಳಿಗ್ಗೆ 104.5 ಬಂದಿತು, ಒಂದು ಬದಿಯ ಗಂಟು ಊದಿತ್ತು. ಅಂದೇ ಚಿಕಿತ್ಸೆಯಾಯಿತು, ಒಂದೇ ಬಾರಿಯ ಔಷಧಿಯಿಂದ ಕಡಸು ಗುಣವಾಯಿತು.

ಮೂತ್ರ ಕೆಂಪಾದರೆ

ಹಸು ಕಾಫಿಯ ಬಣ್ಣದ ಮೂತ್ರ ಮಾಡಿದರೆ ಅದು ಬೇರೊಂದು ಜಾತಿಯ ಉಣ್ಣಿಯಿಂದ ಬರುವ ಬಬೇಸಿಯಾ ರೋಗವಿರಬಹುದು. ಅದರ ಔಷಧಿಯೇ ಬೇರೆ. ಆದುದರಿಂದ ನೆರೆಮನೆಯಲ್ಲಿ ಉಳಿದ ಔಷಧಿಯನ್ನು ತಂದು ಹಾಕಿಸಬಾರದು. "ಮೂತ್ರ ಕೆಂಪಾಗಿಲ್ಲ, ಹಾಗಾಗಿ ಉಣ್ಣಿ ಜ್ವರವಲ್ಲ" ಎಂದು ಸುಮ್ಮನಿರುವುದೂ ಸರಿಯಲ್ಲ. ಥೈಲೇರಿಯಾದಲ್ಲಿ ಮೂತ್ರ ಕೆಂಪಾಗುವುದನ್ನು ಕಾಯುತ್ತ ಕುಳಿತರೆ ಹೊತ್ತು ಮೀರುತ್ತದೆ.

ಉಣ್ಣಿಯ ನೆಲೆ ಗೋಡೆಯಲ್ಲಿದೆ

ಹಯಲೋಮಾ ಉಣ್ಣಿಯು ತನ್ನ ಬಾಳಿನ ಹೆಚ್ಚಿನ ಕಾಲವನ್ನು ಕಳೆಯುವುದು ದನದ ಮೈಮೇಲಲ್ಲ. ಕಲ್ಲುಗೋಡೆಯ ಸಂದಿನಲ್ಲಿ, ಗೋದಲಿಯ ಬಿರುಕಿನಲ್ಲಿ, ಹಳೆಯ ಮರದ ಕಂಬದಲ್ಲಿ. ರಕ್ತ ಕುಡಿದು ಊದಿದ ಒಂದು ಹೆಣ್ಣು ಉಣ್ಣಿ ಅಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹಸುವಿನ ಮೈಗೆ ಮಾತ್ರ ಔಷಧಿ ಸಿಂಪಡಿಸಿದವರು "ಹದಿನೈದು ದಿನಕ್ಕೆ ಮತ್ತೆ ಉಣ್ಣಿ ಬಂದವು" ಎನ್ನುವುದು ಈ ಕಾರಣದಿಂದಲೇ. ಬಿರುಕುಗಳನ್ನು ಸಿಮೆಂಟಿನಿಂದಾಗಲಿ ಮಣ್ಣಿನಿಂದಾಗಲಿ ಮುಚ್ಚಿ ಸುಣ್ಣ ಬಳಿಯಬೇಕು. ದನಗಳಿಗೆ ಸಿಂಪಡಿಸಿದ ದಿನವೇ ಗೋಡೆಯ ಸಂದುಗಳಿಗೂ ಸಿಂಪಡಿಸಬೇಕು. ಮೇವು ನೀರುಗಳಿಗೆ ಔಷಧಿ ತಾಗಬಾರದು.

ಪ್ರತಿ ಮಿ.ಲೀ.ಯಲ್ಲಿ 12.5 ಮಿಲಿಗ್ರಾಂ ಡೆಲ್ಟಾಮೆಥ್ರಿನ್ ಇರುವ ಔಷಧಿಯಾದರೆ ಒಂದು ಲೀಟರ್ ನೀರಿಗೆ 2 ಮಿ.ಲೀ. ಬೆರೆಸಬೇಕು. ಬೇರೆ ಔಷಧಿಗಳ ಪ್ರಮಾಣ ಬೇರೆ. ಸೀಸೆಯ ಮೇಲಿನ ಬರಹವನ್ನು ಓದಿಯೇ ಬೆರೆಸಬೇಕು. ಕಡಿಮೆ ಬೆರೆಸಿದರೆ ಉಣ್ಣಿ ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ, ಹೆಚ್ಚು ಬೆರೆಸಿದರೆ ದನಕ್ಕೆ ವಿಷವಾಗುತ್ತದೆ. ಹೊಲದ ಬೆಳೆಗೆ ಹೊಡೆಯುವ ಔಷಧಿಯನ್ನು ಎಂದಿಗೂ ಬಳಸಬಾರದು. ಮೊದಲು ದನಕ್ಕೆ ಹೊಟ್ಟೆತುಂಬ ನೀರು ಕುಡಿಸಿ, ಮಳೆಯಿಲ್ಲದ ಬೆಳಗಿನಲ್ಲಿ ಸಿಂಪಡಿಸಿ, ಒಣಗುವವರೆಗೆ ಮೈ ನೆಕ್ಕದಂತೆ ನೋಡಿಕೊಳ್ಳಬೇಕು. ಕಿವಿಯ ಒಳಬದಿ, ಬಾಲದ ಬುಡ, ಕೆಚ್ಚಲಿನ ಸುತ್ತ, ತೊಡೆಯ ಸಂದು, ಗಂಗೆದೊಗಲು, ಇವುಗಳನ್ನು ಬಿಡಬಾರದು. ಕೊಟ್ಟಿಗೆಯ ಎಲ್ಲ ದನಗಳಿಗೂ ಒಂದೇ ದಿನ ಮಾಡಬೇಕು. ಮೊಟ್ಟೆಗಳು ಔಷಧಿಯಿಂದ ಸಾಯದ ಕಾರಣ ಹದಿನೈದು ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಸರಿಯಾಗಿ ಸಿಂಪಡಿಸಿದರೂ ಉಣ್ಣಿ ಬದುಕಿದ್ದರೆ ಪ್ರಮಾಣ ಹೆಚ್ಚಿಸದೆ, ವೈದ್ಯರನ್ನು ಕೇಳಿ ಬೇರೆ ವರ್ಗದ ಔಷಧಿಗೆ ಬದಲಿಸಬೇಕು.

ದಿನನಿತ್ಯ ಹಾಲು ಹಿಂಡುವ ಹೊತ್ತಿನಲ್ಲಿ ಮೈ ತಡವಿ ಉಣ್ಣಿ ಹುಡುಕುವುದಕ್ಕೆ ಬೇರೆಯೇ ಬೆಲೆಯಿದೆ. ಉಣ್ಣಿ ಕಚ್ಚಿದ ಕ್ಷಣವೇ ಥೈಲೇರಿಯಾ ಹಸುವಿಗೆ ದಾಟುವುದಿಲ್ಲ. ಅದು ಉಣ್ಣಿಯ ಜೊಲ್ಲುಗ್ರಂಥಿಯಲ್ಲಿ ಪಕ್ವವಾಗಲು ಸಾಮಾನ್ಯವಾಗಿ ಎರಡು ದಿನಗಳಾದರೂ ಬೇಕು. ಮೊದಲ ದಿನವೇ ಕಿತ್ತ ಉಣ್ಣಿಯಿಂದ ಅಪಾಯ ಬಹಳ ಕಡಿಮೆ. ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು ಸೀಮೆಎಣ್ಣೆಯ ಡಬ್ಬಿಗೆ ಹಾಕಬೇಕು. ಅಂಗಳಕ್ಕೆ ಎಸೆದರೆ ಅದು ಅಲ್ಲಿಯೇ ಮೊಟ್ಟೆಯಿಡುತ್ತದೆ. ಬೆರಳಿನಿಂದ ಹಿಸುಕಲೇಬಾರದು, ಥೈಲೇರಿಯಾ ಮನುಷ್ಯರಿಗೆ ಬಾರದಿದ್ದರೂ ಉಣ್ಣಿಗಳು ಮನುಷ್ಯರಿಗೆ ತರುವ ಬೇರೆ ಜ್ವರಗಳಿವೆ.

ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆಯೂ ಇದೆ. ಅದನ್ನು ದ್ರವ ಸಾರಜನಕದಲ್ಲಿ ಕಾಪಾಡಬೇಕಾದುದರಿಂದ ಎಲ್ಲೆಡೆ ಸಿದ್ಧವಾಗಿ ದೊರೆಯುವುದಿಲ್ಲ. ಬೇಸಿಗೆಯಲ್ಲಿಯೇ ಆಸ್ಪತ್ರೆಯಲ್ಲಿ ವಿಚಾರಿಸಿಟ್ಟುಕೊಳ್ಳುವುದು ಒಳಿತು. ತುಂಬು ಗಬ್ಬದ ಹಸುಗಳಿಗೆ ಅದನ್ನು ಹಾಕಿಸಬಾರದು.

ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದ ದಿನಗಳು ಕಳೆಯುವವರೆಗೆ ಡೇರಿಗೆ ಹಾಕಬೇಡಿರಿ, ಮನೆಯಲ್ಲಿಯೂ ಬಳಸಬೇಡಿರಿ. ಹಸುವನ್ನು ಆಸ್ಪತ್ರೆಗೆ ನಡೆಸಿ ತರಲಾಗದಿದ್ದರೆ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ. ಕರೆ ಮಾಡುವಾಗ ಮೂರು ಸಂಗತಿಗಳನ್ನು ತಿಳಿಸಿರಿ: ಜ್ವರ ಎಷ್ಟು ಡಿಗ್ರಿ ಇದೆ, ಎಂದಿನಿಂದ ಇದೆ, ಭುಜದ ಗಂಟು ಊದಿದೆಯೇ. ಇಷ್ಟು ತಿಳಿದರೆ ನಾವು ತಕ್ಕ ಔಷಧಿಯೊಂದಿಗೇ ನಿಮ್ಮ ಮನೆಗೆ ಬರಬಲ್ಲೆವು.