ಗೀಸರ್ ಬಾಳಿಕೆ ಒಳಗಿನ ಸರಳಿನಲ್ಲಿ

ಗೀಸರ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು ಮೂರನ್ನು: ಎಷ್ಟು ಲೀಟರ್, ಎಷ್ಟು ಸ್ಟಾರ್, ಎಷ್ಟು ರೂಪಾಯಿ. ಸ್ಟಾರ್ ಹೇಳುವುದು ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಪೋಲಾಗುತ್ತದೆ ಎಂಬುದನ್ನಷ್ಟೇ. ಟ್ಯಾಂಕು ಮೂರು ವರ್ಷಕ್ಕೇ ತೂತಾಗುತ್ತದೋ ಹತ್ತು ವರ್ಷ ಬಾಳುತ್ತದೋ ಎಂಬುದಕ್ಕೆ ನೀರು ಎಂಥದ್ದು, ಒಳಗೆ ಏನಿದೆ ಎಂದು ನೋಡಬೇಕು.

ಬೆಂಗಳೂರಿನ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಮನೆ ಎಂದುಕೊಳ್ಳಿ. ಕಾವೇರಿ ನೀರಿಲ್ಲ, ಬೋರ್‌ವೆಲ್ ನೀರು. ನಲ್ಲಿಯ ಬಾಯಿಗೆಲ್ಲ ಬಿಳಿ ಸುಣ್ಣ ಕಟ್ಟಿದೆ. ಈ ಮನೆಗೆ 15 ಲೀಟರಿನ ಗೀಸರ್ ಬೇಕು.

ಬಹುಪಾಲು ಗೀಸರ್‌ಗಳ ಟ್ಯಾಂಕು ಉಕ್ಕಿನದು. ಉಕ್ಕಿಗೆ ನೀರು ತಾಗದಂತೆ ಒಳಮೈಗೆ ಗಾಜಿನ ಪುಡಿಯ ಲೇಪ ಕೊಟ್ಟು, 800 ಡಿಗ್ರಿಗೂ ಮೇಲಿನ ಕುಲುಮೆಯಲ್ಲಿ ಕರಗಿಸಿ ಹಿಡಿಸಿರುತ್ತಾರೆ. ಗ್ಲಾಸ್‌ಲೈನ್ಡ್ ಎನ್ನುವುದು ಇದನ್ನೇ. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು ಕೇಳುವುದಕ್ಕೆ ಗಟ್ಟಿ ಅನ್ನಿಸಿದರೂ ಕ್ಲೋರೈಡ್ ಹೆಚ್ಚಿರುವ ಉಪ್ಪು ನೀರು ಅದರ ಬೆಸುಗೆಯ ಜಾಗವನ್ನು ಹುಡುಕಿ ಕೊರೆಯುತ್ತದೆ. ಸಿಹಿನೀರಿನ ಊರಿಗೆ ಅದು ಸರಿ. ನಮ್ಮ ಈ ಮನೆಗೆ ನಾನು ಹೇಳುವುದು ಗಾಜಿನ ಲೇಪವನ್ನೇ.

ಆದರೆ ಆ ಲೇಪವೂ ಎಲ್ಲೆಡೆ ಪೂರ್ತಿ ಕೂಡಿರುವುದಿಲ್ಲ. ಕಣ್ಣಿಗೆ ಕಾಣದ ಸೂಜಿರಂಧ್ರಗಳು, ಅಂಚಿನಲ್ಲಿ ತೆಳುವಾದ ಜಾಗಗಳು ಉಳಿದೇ ಇರುತ್ತವೆ. ಅಲ್ಲಿ ಉಕ್ಕನ್ನು ಕಾಯುವುದು ಒಳಗೆ ನಿಂತಿರುವ ಮೆಗ್ನೀಸಿಯಂ ಸರಳು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಆನೋಡ್ ರಾಡ್. ಕಬ್ಬಿಣಕ್ಕಿಂತ ಮೆಗ್ನೀಸಿಯಂ ಬೇಗ ಸವೆಯುವ ಲೋಹ. ಎರಡೂ ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿದ್ದರೆ ಸವೆತವೆಲ್ಲ ಮೆಗ್ನೀಸಿಯಂ ಪಾಲಿಗೆ ಹೋಗುತ್ತದೆ, ಉಕ್ಕು ಉಳಿಯುತ್ತದೆ. ಸರಳು ಮುಗಿದ ದಿನದಿಂದ ಉಕ್ಕಿನ ಸರದಿ. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ಸರಳು ಬೇಗ ಕರಗುತ್ತದೆ. ಸುಣ್ಣದ ಕಾಟಕ್ಕೆಂದು ಸಾಫ್ಟ್‌ನರ್ ಹಾಕಿಸಿದ ಮನೆಗಳಲ್ಲೂ ಅದು ಬೇಗ ಸವೆಯುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ.

ಬೋರ್‌ವೆಲ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಸರಳನ್ನು ಹೊರತೆಗೆಸಿ ನೋಡಬೇಕು. ದಪ್ಪ ಅರ್ಧಕ್ಕಿಳಿದಿದ್ದರೆ, ಇಲ್ಲವೇ ನಡುವಿನ ಉಕ್ಕಿನ ತಂತಿ ಕಾಣತೊಡಗಿದ್ದರೆ ಬದಲಿಸಿ. ಹೊಸ ಗೀಸರಿನ ಬೆಲೆಯ ಮುಂದೆ ಸರಳಿನದು ಏನೂ ಅಲ್ಲ. ಟ್ಯಾಂಕಿಗೆ ಇಷ್ಟು ವರ್ಷ ವಾರಂಟಿ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಸವೆಯುವ ಸರಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ಕೇಳಿ: ಈ ಮಾಡೆಲಿನ ಬಿಡಿ ಸರಳು ಸಿಗುತ್ತದೆಯೇ, ಅದನ್ನು ಬದಲಿಸದಿದ್ದರೆ ಟ್ಯಾಂಕಿನ ವಾರಂಟಿ ಉಳಿಯುತ್ತದೆಯೇ? ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕಂದು ನೀರು ಬಂದು, ತಣ್ಣೀರು ತಿಳಿಯಾಗಿದ್ದರೆ ತುಕ್ಕು ಟ್ಯಾಂಕಿನೊಳಗೇ ಹಿಡಿದಿದೆ ಎಂದು ಅನುಮಾನಿಸಬೇಕು. ತೂತಾದ ಟ್ಯಾಂಕಿಗೆ ರಿಪೇರಿ ಇಲ್ಲ.

ಕಾಯಿಲ್ ವಿಷಯ ಇಷ್ಟು ದೊಡ್ಡದಲ್ಲ. ತಾಮ್ರದ ಕವಚದ್ದಕ್ಕಿಂತ ಇಂಕೊಲಾಯ್ ಎಂಬ ನಿಕ್ಕಲ್, ಕಬ್ಬಿಣ, ಕ್ರೋಮಿಯಂ ಮಿಶ್ರಲೋಹದ ಕವಚ ಗಡಸು ನೀರಿಗೆ ಹೆಚ್ಚು ತಡೆಯುತ್ತದೆ. ಆದರೆ ಸುಣ್ಣ ಅದರ ಮೇಲೂ ಕಟ್ಟುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ದಾಟದೆ ಕಾಯಿಲ್ ತಾನೇ ಕಾದು ಸುಡುತ್ತದೆ. ನೀರು ಕಾಯಲು ಮೊದಲಿಗಿಂತ ತಡವಾದರೆ, ಒಳಗಿನಿಂದ ಚಟಪಟ ಸದ್ದು ಕೇಳಿದರೆ ಸುಣ್ಣ ತೆಗೆಸುವ ಕಾಲ ಬಂತು. 60 ಡಿಗ್ರಿ ದಾಟಿದರೆ ಸುಣ್ಣ ಕಟ್ಟುವುದು ಜೋರಾಗುವುದರಿಂದ ಥರ್ಮೋಸ್ಟಾಟನ್ನು ಅದರ ಮೇಲೇರಿಸಬೇಡಿ. ಕಾಯಿಲ್ ಮೇಲೂ ಗಾಜಿನ ಲೇಪವಿದ್ದರೆ ಸುಣ್ಣ ಅಂಟುವುದು ಕಡಿಮೆ. ತುಸು ಹೆಚ್ಚು ದುಡ್ಡು ಕೊಡಬಹುದಾದ ಗುಣ ಅದು.

ಇನ್ನು ಒತ್ತಡ. ಬಚ್ಚಲಿನ ಹಂಡೆಗೆ ತೆರೆದ ಬಾಯಿ ಇತ್ತು, ಈ ಚಿಂತೆಯೇ ಇರಲಿಲ್ಲ. ಗೀಸರ್ ಮುಚ್ಚಿದ ಪಾತ್ರೆ. 20 ಡಿಗ್ರಿಯ 15 ಲೀಟರ್ ನೀರು 60 ಡಿಗ್ರಿಗೆ ಕಾದರೆ ಸುಮಾರು ಕಾಲು ಲೀಟರ್ ಉಬ್ಬುತ್ತದೆ. ತಣ್ಣೀರಿನ ಪೈಪಿನ ವಾಲ್ವ್ ನೀರನ್ನು ಹಿಂದಕ್ಕೆ ಹೋಗಲು ಬಿಡದಿದ್ದರೆ ಒತ್ತಡ ಏರುತ್ತದೆ. ಮಿತಿ ದಾಟಿದಾಗ ಸೇಫ್ಟಿ ವಾಲ್ವ್ ತುಸು ನೀರನ್ನು ಹೊರಬಿಡುತ್ತದೆ.

ಎತ್ತರ ಹತ್ತು ಮೀಟರಿಗೆ ಒಂದು ಬಾರ್ ಒತ್ತಡ ಎಂಬುದು ಸುಲಭ ಲೆಕ್ಕ. ನಮ್ಮ ಮನೆಗೂ ತಾರಸಿಯ ಟ್ಯಾಂಕಿಗೂ ನಡುವೆ ಸುಮಾರು 30 ಮೀಟರ್, ಅಂದರೆ ಮೂರು ಬಾರ್. ಕಾದಾಗ ಏರುವ ಒತ್ತಡಕ್ಕೂ ಜಾಗ ಬೇಕಾದ್ದರಿಂದ 8 ಬಾರ್ ತಾಳುವ ಗೀಸರ್ ಇಲ್ಲಿ ಸರಿಯಾದ ಆಯ್ಕೆ. ಪ್ರೆಷರ್ ಪಂಪ್ ಇದ್ದರೆ ಅದನ್ನೂ ಕೂಡಿಸಿಕೊಳ್ಳಿ. ಪಂಪಿಲ್ಲದ ಒಂದಂತಸ್ತಿನ ಮನೆಗೆ 8 ಬಾರ್ ಎಂದು ಹೆಚ್ಚು ಬೆಲೆ ಕೇಳಿದರೆ ಕೊಡಬೇಕಿಲ್ಲ.

ಕಾಯುವಾಗ ವಾಲ್ವಿನಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ದೋಷವಲ್ಲ. ಸ್ವಿಚ್ ಆರಿಸಿ ನೀರು ತಣ್ಣಗಾದ ಮೇಲೂ ಸುರಿಯುತ್ತಿದ್ದರೆ ವಾಲ್ವಿನಲ್ಲಿ ಮರಳು ಸಿಕ್ಕಿದೆ, ಇಲ್ಲವೇ ಬರುವ ನೀರಿನ ಒತ್ತಡವೇ ಜಾಸ್ತಿ. ವಾಲ್ವ್ ಬದಲಿಸಿ, ಒತ್ತಡ ಅಳೆಸಿ. ತೊಂದರೆ ತಪ್ಪಲಿ ಎಂದು ಪ್ಲಂಬರ್ ಆ ಬಾಯಿಗೆ ಬಿರಡೆ ಹಾಕಲು ಹೊರಟರೆ ಮಾತ್ರ ಖಂಡಿತ ಬಿಡಬೇಡಿ.